ಸ್ಲ್ಯಾಬ್ ಹಾಕಿದ ದಿನ ಸ್ಲ್ಯಾಬ್ ಸಿದ್ಧವಾಗಿರುವುದಿಲ್ಲ: ಒಂದು ಕೆಲಸಕ್ಕೆ ಇನ್ನೊಂದು ಕಾಯುವ ಲೆಕ್ಕ

ಕಟಪಾಡಿಯಲ್ಲಿ ಒಂದು ಮನೆ. ಮಾಡಿಯ ಮೇಲೆ ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಒಂದು ಕೋಣೆ ಮತ್ತು ಪಕ್ಕಕ್ಕೆ ಒಂದು ಬಾತ್‌ರೂಮ್ ಕಟ್ಟಬೇಕಿತ್ತು. ಮನೆಯ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಏಪ್ರಿಲ್ ಒಂದಕ್ಕೆ ಶುರು ಮಾಡಿದರೆ ಮಳೆಗೆ ಮೊದಲು ಮುಗೀತದಾ?" ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕಿದರು. "ನಲವತ್ತು ದಿನದ ಕೆಲಸ ಅಕ್ಕ. ಧಾರಾಳ ಆಗ್ತದೆ."

ಮೇಸ್ತ್ರಿ ಸುಳ್ಳು ಹೇಳಲಿಲ್ಲ. ಕೆಲಸ ನಿಜವಾಗಿಯೂ ನಲವತ್ತು ದಿನದ ಒಳಗೇ ಇತ್ತು. ಆದರೆ ಅವರು ಎಣಿಸಿದ್ದು ಆಳುಗಳು ಬಂದು ಕೆಲಸ ಮಾಡುವ ದಿನಗಳನ್ನು ಮಾತ್ರ. ಒಂದು ಕೆಲಸ ಮುಗಿದು ಅದರ ಫಲ ಮುಂದಿನವರ ಕೈಗೆ ಸಿಗುವವರೆಗೆ ಸುಮ್ನೆ ಕಳೆಯುವ ದಿನಗಳನ್ನು ಅವರು ಎಣಿಸಿರಲಿಲ್ಲ. ನಮ್ಮ ಕಡೆ ಸಣ್ಣ ಮನೆ ಕೆಲಸಗಳು ಮಳೆಗೆ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಮಂಗಳೂರು, ಉಡುಪಿ ನಡುವೆ ಇಂಥ ಕೆಲಸಗಳ ಪ್ಲಾನಿಂಗ್ ಮಾಡುವುದು ನನ್ನ ಉದ್ಯೋಗ. ಹಾಗಾಗಿ ಈ ಒಂದು ಕೋಣೆಯನ್ನೇ ಇಟ್ಟುಕೊಂಡು ಆ ಲೆಕ್ಕವನ್ನು ಬಿಡಿಸುತ್ತೇನೆ.

ಮೊದಲು ಒಂದು ಅಭ್ಯಾಸ ಬದಲಾಗಬೇಕು. ನಾವು ಪಟ್ಟಿ ಮಾಡುವಾಗ ಕೆಲಸದ ಹೆಸರು ಬರೆಯುತ್ತೇವೆ: ಗೋಡೆ, ಸ್ಲ್ಯಾಬ್, ಸಾರಣೆ, ಪೈಂಟ್. ಹೀಗೆ ಬರೆದರೆ ಯಾವುದು ಯಾವುದಕ್ಕೆ ಕಾಯುತ್ತದೆ ಅಂತ ಕಾಣುವುದಿಲ್ಲ. ನಾನು ಪ್ರತಿ ಕೆಲಸದ ಎದುರು ಎರಡು ವಿಷಯ ಬರೆಸುತ್ತೇನೆ. ಈ ಕೆಲಸ ಶುರುವಾಗಲು ಕೈಯಲ್ಲಿ ಏನಿರಬೇಕು? ಇದು ಮುಗಿದಾಗ ಯಾರ ಕೈಗೆ ಏನು ಸಿಗುತ್ತದೆ? ಆಮೇಲೆ ಕೊಡುವವರಿಂದ ತೆಗೆದುಕೊಳ್ಳುವವರಿಗೆ ಒಂದು ಬಾಣ ಎಳೆಯುವುದು.

ಸ್ಲ್ಯಾಬನ್ನೇ ನೋಡಿ. ಬೆಳಿಗ್ಗೆ ಮಿಕ್ಸರ್ ಬಂದು ಸಂಜೆಯೊಳಗೆ ಕಾಂಕ್ರೀಟ್ ಹಾಕಿ ಮುಗಿಯುತ್ತದೆ. ಒಂದೇ ದಿನ. ಆದರೆ ಒಳಗೆ ಸಾರಣೆ ಮಾಡುವವರಿಗೆ ಬೇಕಾದದ್ದು ಕಾಂಕ್ರೀಟ್ ಹಾಕಿದ್ದಾರೆ ಎಂಬ ಸುದ್ದಿಯಲ್ಲ. ಕೆಳಗಿನ ಕಂಬಗಳಿಲ್ಲದೆ ತಾನೇ ನಿಲ್ಲುವ ಮಾಡು ಅವರಿಗೆ ಬೇಕು. ಅದು ಆವತ್ತು ಇರುವುದಿಲ್ಲ. ನಮ್ಮ ದೇಶದ ಕಾಂಕ್ರೀಟ್ ನಿಯಮಪುಸ್ತಕ ಐಎಸ್ 456ರ ಪ್ರಕಾರ, ನಾಲ್ಕೂವರೆ ಮೀಟರಿಗಿಂತ ಜಾಸ್ತಿ ಅಗಲವಿಲ್ಲದ ಸ್ಲ್ಯಾಬಿಗೆ ಕೆಳಗಿನ ಕಂಬಗಳು ಕಡಿಮೆ ಎಂದರೂ 7 ದಿನ ಇರಬೇಕು. ಅದಕ್ಕಿಂತ ಅಗಲವಾದರೆ 14 ದಿನ. ನಮ್ಮ ಕೋಣೆಯ ಅಗಲ 12 ಅಡಿ, ಅಂದರೆ ಸುಮಾರು 3.7 ಮೀಟರ್. ಹಾಗಾದರೆ 7 ದಿನ ಸಾಕಲ್ವಾ? ಆ ದಿನಗಳನ್ನು ಹೇಳಿರುವುದು ಸಾದಾ ಸಿಮೆಂಟಿಗೆ. ನಮ್ಮಲ್ಲಿ ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ಪಿಪಿಸಿ, ಅಂದರೆ ಹಾರುಬೂದಿ ಸೇರಿದ ಸಿಮೆಂಟು. ಅದು ಗಟ್ಟಿಯಾಗುವುದು ನಿಧಾನ. ನೀರು ಹಿಡಿಸುವುದೂ ಸಾದಾ ಸಿಮೆಂಟಿಗೆ 7 ದಿನವಾದರೆ ಇದಕ್ಕೆ ಕನಿಷ್ಠ 10 ದಿನ ಅಂತ ಅದೇ ಪುಸ್ತಕ ಹೇಳುತ್ತದೆ. ಅದಕ್ಕೇ ನಾವು ಇಲ್ಲಿ 14 ದಿನ ಇಟ್ಟುಕೊಂಡೆವು.

ಈ 14 ದಿನ ಏನೂ ನಡೆಯದ ದಿನಗಳು ಅಂತ ತಿಳಿಯಬಾರದು. ಮಾಡಿನ ಮೇಲೆ ಗಾರೆಯಲ್ಲಿ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಬೇಕು. ಏಪ್ರಿಲ್ ಬಿಸಿಲಿಗೆ ಅದು ಆರುತ್ತದೆ, ದಿನಾ ತುಂಬಿಸಬೇಕು. ಬಾವಿಯಲ್ಲಿ ನೀರು ಕಡಿಮೆ ಇದ್ದರೆ ಅದೂ ಒಂದು ಬಾಣವೇ. ನೀರು ನಿಲ್ಲದ ಸ್ಲ್ಯಾಬಿನ ಕಂಬ 14ನೇ ದಿನ ತೆಗೆದರೆ ದಿನ ಸರಿಯಾಗಿರುತ್ತದೆ, ಮಾಡು ಸರಿಯಾಗಿರುವುದಿಲ್ಲ.

ಈಗ ಇಡೀ ಸರಪಳಿ. ಕೆಂಪುಕಲ್ಲಿನ ಗೋಡೆ, ಲಿಂಟಲ್ ಸೇರಿ 12 ದಿನ. ಸೆಂಟ್ರಿಂಗ್ ಮತ್ತು ಕಬ್ಬಿಣ ಕಟ್ಟುವುದು 6 ದಿನ. ಅದರ ಮೇಲೆ ಕರೆಂಟಿನ ಪೈಪು, ಫ್ಯಾನ್ ಬಾಕ್ಸ್ ಇಡಲು 1 ದಿನ. ಕಾಂಕ್ರೀಟ್ 1 ದಿನ. ಅಲ್ಲಿಗೆ 20 ದಿನ. ಕಾಯುವುದು 14, ಅಲ್ಲಿಗೆ 34. ಸೆಂಟ್ರಿಂಗ್ ಬಿಚ್ಚಲು 1 ದಿನ, 35. ಗೋಡೆ ಕೊರೆದು ಕರೆಂಟಿನ ಪೈಪು, ಬಾತ್‌ರೂಮಿನ ನೀರಿನ ಪೈಪು ಕೂರಿಸಲು 3 ದಿನ, 38. ಒಳಗೆ ಹೊರಗೆ ಸಾರಣೆ 6 ದಿನ, 44. ಹೊಸ ಸಾರಣೆಗೆ ನೀರು ಹಿಡಿಸಿ, ಆಮೇಲೆ ಪೂರ್ತಿ ಒಣಗಲು 28 ದಿನ, 72. ಪುಟ್ಟಿ, ಪ್ರೈಮರ್, ಪೈಂಟ್ ಸೇರಿ 7 ದಿನ. ಒಟ್ಟು 79.

ಇದರಲ್ಲಿ ಆಳು ನಿಂತು ಮಾಡುವ ದಿನಗಳನ್ನು ಮಾತ್ರ ಕೂಡಿಸಿದರೆ 37. ಮೇಸ್ತ್ರಿಯ ನಲವತ್ತು ಇದೇ. ಉಳಿದ 42 ದಿನ ಕಾಯುವುದು. ಕೆಲಸಕ್ಕಿಂತ ಕಾಯುವುದೇ ಜಾಸ್ತಿ! "ಇನ್ನೂ ನಾಲ್ಕು ಜನ ಕರೆಸುವ" ಅಂತ ಹೇಳಿದರೆ 37 ಸ್ವಲ್ಪ ಇಳಿಯಬಹುದು. 42 ಒಂದು ದಿನವೂ ಇಳಿಯುವುದಿಲ್ಲ.

ಬೇರೆ ಕವಲುಗಳೂ ಇವೆ. ಅಲ್ಯೂಮಿನಿಯಂ ಕಿಟಕಿಗೆ ಅಳತೆ ತೆಗೆಯುವುದು ಕಿಟಕಿಯ ಅಂಚುಗಳಿಗೆ ಸಾರಣೆ ಆದ ಮೇಲೆ. ಅಳತೆಗೆ 1 ದಿನ, ಅಂಗಡಿಯಲ್ಲಿ ತಯಾರಿಗೆ 12, ಕೂರಿಸಲು 1. ಸಾರಣೆ 44ಕ್ಕೆ ಮುಗಿದರೆ ಕಿಟಕಿ 58ಕ್ಕೆ ಕೂರುತ್ತದೆ. ಬಾತ್‌ರೂಮಿನ ನೆಲಕ್ಕೆ ವಾಟರ್‌ಪ್ರೂಫಿಂಗ್ 3 ದಿನ, ನೀರು ನಿಲ್ಲಿಸಿ ಸೋರುತ್ತದಾ ಅಂತ ನೋಡಲು 2 ದಿನ, ಆಮೇಲೆ ಟೈಲ್ಸ್ 6 ದಿನ. 44ರಿಂದ ಎಣಿಸಿದರೆ 55ಕ್ಕೆ ಮುಗಿಯುತ್ತದೆ. ಇವೆರಡೂ ಪೈಂಟ್ ಶುರುವಾಗುವ ಮೊದಲು, ಅಂದರೆ 72ರೊಳಗೆ ಆದರೆ ಸಾಕು. ಹಾಗಾಗಿ ಕಿಟಕಿಗೆ 14 ದಿನದ ಸಡಿಲ ಇದೆ, ಟೈಲ್ಸಿಗೆ 17 ದಿನ. ಸಾರಣೆಯ ಸಾಲಿಗೆ ಮಾತ್ರ ಸಡಿಲವೇ ಇಲ್ಲ. ಅಲ್ಲಿ ಒಂದು ದಿನ ಹೋದರೆ ಕೊನೆಯ ತಾರೀಕೂ ಒಂದು ದಿನ ಹೋಗುತ್ತದೆ.

ಹೀಗೆ ಬಾಣಗಳ ಎಲ್ಲ ದಾರಿಗಳಲ್ಲಿ ಅತಿ ಉದ್ದದ ದಾರಿ ಹುಡುಕುವ ಪದ್ಧತಿಗೆ ಕ್ರಿಟಿಕಲ್ ಪಾತ್ ಅಂತ ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಡ್ಯುಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಇದನ್ನು ರೂಪಿಸಿದರು. ಅವರ ಮುಂದಿದ್ದದ್ದು ದೊಡ್ಡ ರಾಸಾಯನಿಕ ಕಾರ್ಖಾನೆಗಳ ಕಟ್ಟಡ, ರಿಪೇರಿ ಕೆಲಸ. ಲೆಕ್ಕಕ್ಕೆ ಆ ಕಾಲದ ಕಂಪ್ಯೂಟರ್ ಬಳಸಿದರು. ಒಂದು ಕೋಣೆಗೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು.

ಲೆಕ್ಕ ಗೊತ್ತಾದರೆ ಸೈಟಿನಲ್ಲಿ ಏನು ಬದಲಾಗುತ್ತದೆ? 38ನೇ ದಿನ ಸಂಜೆಯನ್ನು ನೋಡಿ. ಪೈಪು ಕೂರಿಸಿ ಆಗಿದೆ. ಈಗ ಎರಡು ಕೆಲಸ ಸಿದ್ಧ: ಸಾರಣೆ ಮತ್ತು ಬಾತ್‌ರೂಮಿನ ವಾಟರ್‌ಪ್ರೂಫಿಂಗ್. ಎರಡಕ್ಕೂ ಬೇಕಾದದ್ದು ಕೈಯಲ್ಲಿದೆ. ಆದರೆ ಮೇಸ್ತ್ರಿ ಒಬ್ಬರೇ. "ಪೈಪಿನ ಕೆಲಸ ಈಗ ಮುಗಿದದ್ದಲ್ವಾ, ಬಾತ್‌ರೂಮ್ ಮುಗಿಸಿ ಬಿಡುವ" ಅಂತ ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಸಾರಣೆ 3 ದಿನ ಹಿಂದೆ ಬೀಳುತ್ತದೆ, 79 ಹೋಗಿ 82 ಆಗುತ್ತದೆ. ಸಾರಣೆ ಮೊದಲು ಮಾಡಿದರೆ ವಾಟರ್‌ಪ್ರೂಫಿಂಗ್ 6 ದಿನ ಕಾಯುತ್ತದೆ, ಆದರೆ ಕೊನೆಯ ತಾರೀಕು ಕದಲುವುದಿಲ್ಲ. ಯಾಕೆಂದರೆ ಸಾರಣೆಯ ಬೆನ್ನಿಗೆ 28 ದಿನದ ಒಣಗುವ ಕಾಲ ಇದೆ. ಅದು ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ಒಳ್ಳೆಯದು. ಸಾರಣೆ ಒಣಗುತ್ತಿರುವಾಗ ಮೇಸ್ತ್ರಿ ಬಾತ್‌ರೂಮಿಗೆ ಹೋಗಬಹುದು. ಬಾತ್‌ರೂಮಿನ ಕೆಲಸ ಮಾಡುವಾಗ ಇನ್ನೂ ಬಳಿಯದ ಸಾರಣೆ ಒಣಗುವುದಿಲ್ಲ.

ಇಲ್ಲಿ ಎರಡು ಬಗೆಯ ಕಾಯುವಿಕೆ ಬೆರೆತಿದೆ. ಸಾರಣೆ ಪೈಪಿಗೆ ಕಾಯುವುದು ಕೆಲಸದ ಗುಣದಿಂದ. ಪೈಪಿಗೆ ಮೊದಲೇ ಸಾರಣೆ ಮಾಡಿದರೆ ಅದನ್ನು ಮತ್ತೆ ಒಡೆಯಬೇಕು. ವಾಟರ್‌ಪ್ರೂಫಿಂಗ್ ಸಾರಣೆಗೆ ಕಾಯುವುದು ಮೇಸ್ತ್ರಿ ಒಬ್ಬರೇ ಇರುವುದರಿಂದ. ಇನ್ನೊಬ್ಬರನ್ನು ಕರೆಸಿದರೆ ಎರಡನೆಯದು ಮಾಯವಾಗುತ್ತದೆ, ಮೊದಲನೆಯದು ಎಷ್ಟು ಜನ ಬಂದರೂ ಹಾಗೆಯೇ ಇರುತ್ತದೆ. ಹಾಳೆಯಲ್ಲಿ ನಾನು ಮೊದಲನೆಯದಕ್ಕೆ ಪೆನ್ನಿನ ಗೆರೆ, ಎರಡನೆಯದಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಅಳಿಸಬಹುದಾದದ್ದು ಯಾವುದು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಬಾಣ ಬರೆಯದೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕಲಿತದ್ದು ಸುಮಾರು ವರ್ಷಗಳ ಹಿಂದೆ, ಇನ್ನೊಂದು ಮನೆಯಲ್ಲಿ. ಕಬ್ಬಿಣ ಕಟ್ಟಿ ಆಗಿತ್ತು, ಮರುದಿನ ಕಾಂಕ್ರೀಟಿಗೆ ಮಿಕ್ಸರ್ ಹೇಳಿ ಆಗಿತ್ತು. ಇಲೆಕ್ಟ್ರಿಶಿಯನ್ ಬಂದಿರಲಿಲ್ಲ. ಮಿಕ್ಸರ್ ಬಂತು, ಆಳುಗಳು ಬಂದರು, ಕಾಂಕ್ರೀಟ್ ಹಾಕಿ ಮುಗಿಯಿತು. ಫ್ಯಾನ್ ಬಾಕ್ಸ್ ಇಲ್ಲ, ಪೈಪಿಲ್ಲ. ಗಟ್ಟಿಯಾದ ಸ್ಲ್ಯಾಬನ್ನು ಕೆಳಗಿಂದ ಕೊರೆದರೆ ಕಬ್ಬಿಣದ ಮೇಲಿನ ಹೊದಿಕೆ ಹೋಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ಕೊನೆಗೆ ಮಾಡಿನ ಅಡಿಯಲ್ಲಿ ಹೊರಗೆ ಕಾಣುವ ಹಾಗೆ ಪಟ್ಟಿ ಹೊಡೆದು ವಯರ್ ಎಳೆದರು.

ತಪ್ಪು ಇಲೆಕ್ಟ್ರಿಶಿಯನ್‌ದು ಅಂತ ಎಲ್ಲರೂ ಹೇಳಿದರು. ನಾನು ಆಮೇಲೆ ಕೇಳಿದಾಗ ಅವರ ಉತ್ತರ ಸರಳವಾಗಿತ್ತು: "ಫ್ಯಾನ್ ಎಲ್ಲಿ ಬೇಕು ಅಂತ ಯಾರೂ ಹೇಳಲಿಲ್ಲ ಮಾರಾಯ್ರೆ, ನಾನು ಬಂದು ಏನು ಮಾಡಲಿ?" ಅಂದರೆ ಇಲ್ಲದಿದ್ದ ಬಾಣ ಇನ್ನೂ ಹಿಂದೆ ಇತ್ತು. ಪೈಪು ಒಂದು ನಿರ್ಧಾರಕ್ಕೆ ಕಾಯುತ್ತಿತ್ತು, ಆ ನಿರ್ಧಾರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅವತ್ತಿನಿಂದ ನಾನು ನಿರ್ಧಾರಗಳನ್ನೂ ಕೆಲಸ ಅಂತಲೇ ಬರೆಯುತ್ತೇನೆ. ಕಟಪಾಡಿಯಲ್ಲಿ ಮಂಚ ಎಲ್ಲಿ, ಫ್ಯಾನ್ ಎಲ್ಲಿ, ಎಸಿ ಯಾವ ಗೋಡೆಗೆ, ಗೀಸರ್ ಸ್ವಿಚ್ ಒಳಗೋ ಹೊರಗೋ ಅಂತ ಹೇಳಬೇಕಾದದ್ದು ದುಬೈಯಲ್ಲಿರುವ ಮಗಳು. ಸೆಂಟ್ರಿಂಗ್ ಶುರುವಾಗುವ ಮೊದಲೇ ಅವಳಿಗೆ ಕೋಣೆಯ ನಕ್ಷೆಯ ಫೋಟೋ ಹೋಯಿತು. ಅವಳು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ ಫೋಟೋ ಇಲೆಕ್ಟ್ರಿಶಿಯನ್ ಫೋನಿಗೆ ಬಂದ ಮೇಲೆಯೇ ಆ ಸಾಲಿಗೆ ಟಿಕ್ ಬಿತ್ತು.

ಕೆಲವು ಸಲ ಬಾಣಗಳು ಸುತ್ತು ಹೊಡೆದು ನಿಲ್ಲುತ್ತವೆ. ಬಾತ್‌ರೂಮಿನ ಬಾಗಿಲಲ್ಲಿ ಹಾಗಾಯಿತು. ಟೈಲ್ಸಿನವರು "ದಾರಂದ ಕೂರಿಸಿ ಕೊಡಿ, ಅದಕ್ಕೆ ಸರಿಯಾಗಿ ಟೈಲ್ಸ್ ಕತ್ತರಿಸ್ತೇನೆ" ಅಂದರು. ಆಚಾರಿಯವರು "ಟೈಲ್ಸ್ ಆಗಲಿ, ನೆಲದ ಎತ್ತರ ಗೊತ್ತಿಲ್ಲದೆ ದಾರಂದ ಎಲ್ಲಿ ನಿಲ್ಲಿಸುವುದು?" ಅಂದರು. ಇಬ್ಬರದ್ದೂ ನ್ಯಾಯದ ಮಾತೇ. ಆದರೆ ಹೀಗೆಯೇ ಬಿಟ್ಟರೆ ಯಾವ ಕೆಲಸವೂ ಶುರುವಾಗುವುದಿಲ್ಲ. ಎಲ್ಲ ಕೆಲಸಗಳನ್ನು ಸಾಲಾಗಿ ನಿಲ್ಲಿಸುವ ಮಾಮೂಲು ವಿಧಾನ ಇಲ್ಲಿಯೇ ಸಿಕ್ಕಿಬೀಳುತ್ತದೆ. ಆ ವಿಧಾನ ಹೀಗೆ: ಯಾವ ಬಾಣವೂ ಒಳಗೆ ಬಾರದ ಕೆಲಸವನ್ನು ಮೊದಲು ಬರೆದುಕೊಳ್ಳಿ, ಅದನ್ನೂ ಅದರಿಂದ ಹೊರಟ ಬಾಣಗಳನ್ನೂ ಹೊಡೆದು ಹಾಕಿ, ಈಗ ಬಿಡುಗಡೆಯಾದ ಮುಂದಿನ ಕೆಲಸ ಬರೆದುಕೊಳ್ಳಿ. ಕೆಲಸ ಉಳಿದಿದೆ, ಆದರೆ ಎಲ್ಲದಕ್ಕೂ ಯಾವುದೋ ಬಾಣ ಒಳಗೆ ಬರುತ್ತಿದೆ ಅಂದರೆ ಎಲ್ಲೋ ಸುತ್ತು ಇದೆ ಅಂತಲೇ ಅರ್ಥ.

ಸುತ್ತು ಬಿಡಿಸಲು ನಾನು ಕೇಳುವುದು, ಇಬ್ಬರಿಗೂ ನಿಜವಾಗಿ ಬೇಕಾದದ್ದು ಎಷ್ಟು ಅಂತ. ಆಚಾರಿಗೆ ಟೈಲ್ಸ್ ಬೇಕಾಗಿಲ್ಲ, ಟೈಲ್ಸಿನ ಮೇಲ್ಮೈ ಎಲ್ಲಿ ಬರುತ್ತದೆ ಎಂಬ ಎತ್ತರ ಬೇಕು. ಅದನ್ನು ಟೈಲ್ಸ್ ಹಾಕುವ ಮೊದಲೇ ಹೇಳಬಹುದು. ಮೇಸ್ತ್ರಿ ನೀರಿನ ಲೆವೆಲ್ ಟ್ಯೂಬ್ ಹಿಡಿದು, ಮುಗಿದ ನೆಲ ಎಲ್ಲಿ ಬರಬೇಕೋ ಅಲ್ಲಿಂದ ಸರಿಯಾಗಿ ಒಂದು ಮೀಟರ್ ಮೇಲೆ, ಗೋಡೆಯ ಸುತ್ತ ಒಂದು ಗೆರೆ ಹೊಡೆದರು. ಆಚಾರಿ ಆ ಗೆರೆಯಿಂದ ಕೆಳಗೆ ಅಳೆದು ದಾರಂದ ನಿಲ್ಲಿಸಿದರು. ಟೈಲ್ಸಿನವರು ಅದೇ ಗೆರೆಯಿಂದ ಅಳೆದು ಗಾರೆಯ ದಪ್ಪ ಹಿಡಿದರು. ಅರ್ಧ ಗಂಟೆಯ ಆ ಗೆರೆ ಈಗ ಪಟ್ಟಿಯಲ್ಲಿ ಒಂದು ಪ್ರತ್ಯೇಕ ಕೆಲಸ. ಇಬ್ಬರೂ ಒಬ್ಬರಿಗೊಬ್ಬರು ಕಾಯುವ ಬದಲು ಅದಕ್ಕೆ ಕಾಯುತ್ತಾರೆ.

ಇನ್ನೊಂದು ತೊಂದರೆ, ಮುಗಿದಿದೆ ಅಂತ ಯಾರು ಹೇಳಬೇಕು ಎಂಬುದು. ಸಾಮಾನ್ಯವಾಗಿ ಕೆಲಸ ಮಾಡಿದವರೇ "ಆಯ್ತು" ಅನ್ನುತ್ತಾರೆ. ನನ್ನ ಪ್ರಕಾರ ಅದನ್ನು ತೆಗೆದುಕೊಳ್ಳುವವರು ಹೇಳಬೇಕು. ಸಾರಣೆ ಒಣಗಿದೆಯಾ ಅಂತ ಮೇಸ್ತ್ರಿಗಿಂತ ಪೈಂಟರಿಗೆ ಹೆಚ್ಚು ಕಾಳಜಿ ಇರುತ್ತದೆ. ಹಸಿ ಗೋಡೆಗೆ ಬಳಿದರೆ ಪೈಂಟ್ ಗುಳ್ಳೆ ಎದ್ದು ಸುಲಿಯುತ್ತದೆ, ಬಿಳಿ ಉಪ್ಪು ಹೊರಗೆ ಬರುತ್ತದೆ, ಬೈಗುಳ ಬೀಳುವುದು ಪೈಂಟರಿಗೆ. ನೋಡುವ ಉಪಾಯ ಸುಲಭ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಬದಿಯಲ್ಲಿ ನೀರಿನ ಹನಿ ಕಂಡರೆ, ಅಥವಾ ಅಲ್ಲಿನ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ ಒಣಗಿಲ್ಲ. 28 ದಿನ ಆಗಿದೆ ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೇ ತಿಂಗಳ ಗಾಳಿಯಲ್ಲಿ 28 ಸಾಕಾಗಬಹುದು, ಜುಲೈಯಲ್ಲಿ ಅದರ ಎರಡು ಪಟ್ಟು ಹೋದರೂ ಹನಿ ಕಾಣಬಹುದು.

ಈಗ ಅಕ್ಕನ ಪ್ರಶ್ನೆಗೆ ಬರೋಣ. ನಮ್ಮ ಕಡೆ ಮುಂಗಾರು ಬರುವುದು ಜೂನ್ ಮೊದಲ ವಾರದ ಹೊತ್ತಿಗೆ. ಮೇ 31ಕ್ಕೆ ಎಲ್ಲ ಮುಗಿಯಬೇಕು ಅಂತ ಹಿಡಿದು 79 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 14ಕ್ಕೆ ಮೊದಲ ಕಲ್ಲು ಇಡಬೇಕಿತ್ತು. ಏಪ್ರಿಲ್ 1ಕ್ಕೆ ಶುರು ಮಾಡಿದರೆ ಜೂನ್ 18. ರಜೆ, ಹಬ್ಬ, ಆಳು ಬಾರದ ದಿನ ಯಾವುದನ್ನೂ ಸೇರಿಸದೆ. ಆದದ್ದಾಗಲಿ ಅಂತ ಹೊರಟರೆ ಪೈಂಟಿನ ಸಮಯಕ್ಕೆ ಸರಿಯಾಗಿ ಮಳೆ.

ನಾವು ಪ್ರಶ್ನೆಯನ್ನು ಸ್ವಲ್ಪ ಬದಲಿಸಿದೆವು. ಮಳೆಗೆ ಮೊದಲು ಎಲ್ಲವೂ ಮುಗಿಯಬೇಕಾ? ಅಕ್ಕನಿಗೆ ಮುಖ್ಯವಾಗಿ ಬೇಕಿದ್ದದ್ದು ಹೊಸ ಕೋಣೆಯಿಂದ ನೀರು ಕೆಳಗಿನ ಮನೆಗೆ ಇಳಿಯದಿರುವುದು. ಅದಕ್ಕೆ ಹೊರಗಿನ ಸಾರಣೆ ಮತ್ತು ಕಿಟಕಿ ಬೇಕು, ಪೈಂಟ್ ಬೇಡ. ಏಪ್ರಿಲ್ 1ರಿಂದ ಎಣಿಸಿದರೆ 44ನೇ ದಿನ ಮೇ 14, ಸಾರಣೆ ಮುಗಿಯುತ್ತದೆ. 58ನೇ ದಿನ ಮೇ 28, ಕಿಟಕಿ ಕೂರುತ್ತದೆ. ಮೇ 31ಕ್ಕೆ ಮೂರು ದಿನ ಉಳಿಯುತ್ತದೆ.

ಆದರೆ ಗುರಿ ಬದಲಾದ ಕೂಡಲೇ ಬಿಗಿಯಾದ ದಾರಿಯೂ ಬದಲಾಯಿತು. ಮೊದಲಿನ ಲೆಕ್ಕದಲ್ಲಿ 14 ದಿನ ಸಡಿಲ ಇದ್ದ ಕಿಟಕಿಗೆ ಈಗ ಉಳಿದದ್ದು 3 ದಿನ. ಅಂಗಡಿಯವರು ನಾಲ್ಕು ದಿನ ತಡ ಮಾಡಿದರೆ ಮುಗಿಯಿತು. ಹಾಗಾಗಿ ಒಂದು ಬಾಣವನ್ನು ಕತ್ತರಿಸಬೇಕಾಯಿತು. ಕಿಟಕಿಯ ಅಳತೆಗೆ ಇಡೀ ಸಾರಣೆ ಬೇಕಾಗಿಲ್ಲ, ಮೂರು ಕಿಟಕಿಗಳ ಅಂಚಿನ ಸಾರಣೆ ಮಾತ್ರ ಸಾಕು. ಮೇಸ್ತ್ರಿಗೆ ಹೇಳಿ ಸಾರಣೆಯ ಮೊದಲ ಎರಡು ದಿನ ಅಂಚುಗಳನ್ನೇ ಮಾಡಿಸಿದೆವು. 40ನೇ ದಿನ, ಮೇ 10ಕ್ಕೆ ಅಂಚುಗಳು ಸಿದ್ಧವಾದವು, ಮರುದಿನ ಕಿಟಕಿಯವರು ಬಂದು ಅಳತೆ ತೆಗೆದುಕೊಂಡು ಹೋದರು. ಸಡಿಲ 3ರಿಂದ 7 ದಿನಕ್ಕೆ ಏರಿತು. ಮೊದಲಿನ ಲೆಕ್ಕದಲ್ಲಿ ಇದನ್ನೇ ಮಾಡಿದ್ದರೆ ಏನೂ ಸಿಗುತ್ತಿರಲಿಲ್ಲ, ಕಿಟಕಿ ನಾಲ್ಕು ದಿನ ಬೇಗ ಬಂದು ಮೂಲೆಯಲ್ಲಿ ನಿಲ್ಲುತ್ತಿತ್ತು ಅಷ್ಟೆ.

ಅಂಗಡಿಯವರು ಐದು ದಿನ ತಡ ಮಾಡಿದರು. ಮೇ 29ಕ್ಕೆ ಕಿಟಕಿ ಕೂತಿತು. ಮಳೆ ಬಡಿಯುವ ಪಡುಬದಿಯ ಗೋಡೆಗೆ ಪೈಂಟ್ ಇರಲಿಲ್ಲ. ಹಿಂದೆ ಇಂಥ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ನಾವು ಟಾರ್ಪಾಲು ಕಟ್ಟಿದೆವು. ಟೈಲ್ಸ್ ಕೆಲಸ ಜೂನಿನಲ್ಲಿ ಒಳಗೆ ನಿಧಾನವಾಗಿ ನಡೆಯಿತು, ಅದಕ್ಕೆ ಅವಸರವೇ ಇರಲಿಲ್ಲ. ನವರಾತ್ರಿ ಕಳೆದ ಮೇಲೆ ಟಾರ್ಪಾಲು ಬಿಚ್ಚಿ, ಎರಡು ವಾರ ಬಿಸಿಲು ಬಿದ್ದ ಮೇಲೆ ಪೈಂಟರ್ ತಾವೇ ಬಂದು ಪಡುವಣ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಮೊದಲ ಸಲ ಹನಿ ಇತ್ತು. ಹತ್ತು ದಿನ ಬಿಟ್ಟು ಮತ್ತೆ ಅಂಟಿಸಿದರು. ಹಾಳೆ ಒಣಗಿಯೇ ಬಂತು. ಮರುದಿನ ಪುಟ್ಟಿ ಕಲಸಿದರು.